ಕಿಚನ್ ಶಟರ್‌ನ ಹಿಂಜಸ್: ಫೋಟೋದಿಂದಲೇ ಸರಿಯಾದ ಜೋಡಿ ಗುರುತಿಸುವ ಕ್ರಮ

ಕಿಚನ್ ಶಟರ್‌ನ ಹಿಂಜಸ್ ಮುರಿದಾಗ ಹೆಚ್ಚಿನವರು ಮಾಡುವುದು ಒಂದೇ. ಶಟರ್ ತೆರೆಯುತ್ತಾರೆ, ಫೋನನ್ನು ಹಿಂಜಸ್‌ಗೆ ಹತ್ತಿರ ಹಿಡಿದು ಒಂದು ಫೋಟೋ ಹೊಡೆಯುತ್ತಾರೆ, ಪೇಟೆಗೆ ಹೋಗಿ "ಇಂಥದ್ದೇ ಕೊಡಿ" ಅನ್ನುತ್ತಾರೆ. ಅಂಗಡಿಯವರು "ಝೀರೋ ಕ್ರ್ಯಾಂಕಾ, ಎಂಟಾ?" ಅಂತ ಕೇಳುತ್ತಾರೆ. ಉತ್ತರ ಗೊತ್ತಿರುವುದಿಲ್ಲ. ಅವರು ಜಾಸ್ತಿ ಮಾರಾಟವಾಗುವ ಮಾಲನ್ನು ಕೊಡುತ್ತಾರೆ. ಮನೆಗೆ ತಂದು ಹಾಕಿದರೆ ಶಟರ್ ಮುಚ್ಚುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ಇದರರ್ಥ ಇನ್ನೊಂದು ಬಸ್ಸು, ಇನ್ನೊಂದು ದಿನ.

ತಪ್ಪು ಅಂಗಡಿಯವರದ್ದಲ್ಲ. ಆ ಒಂದು ಫೋಟೋದಲ್ಲಿ ಬೇಕಾದ ಮಾಹಿತಿಯೇ ಇರುವುದಿಲ್ಲ. ಹಿಂಜಸ್‌ಗಳು ನೋಡಲು ಎಲ್ಲವೂ ಒಂದೇ ಥರ. ವ್ಯತ್ಯಾಸ ಇರುವುದು ಕೆಲವೇ ಮಿಲಿಮೀಟರ್‌ಗಳಲ್ಲಿ. ಅದೂ ಹಿಂಜಸ್‌ಗಿಂತ ಹೆಚ್ಚಾಗಿ ಮರದ ಮೇಲೆ ಕಾಣುತ್ತದೆ. ಹಾಗಾಗಿ ನಾಲ್ಕು ಫೋಟೋ ಬೇಕು. ಅವನ್ನು ಸರಿಯಾದ ಕ್ರಮದಲ್ಲಿ ತೆಗೆಯಬೇಕು. ಕ್ರಮ ತಪ್ಪಿದರೆ, ಅಂದರೆ ಮೊದಲೇ ಶಟರ್ ಬಿಚ್ಚಿಬಿಟ್ಟರೆ, ಎಲ್ಲಕ್ಕಿಂತ ಮುಖ್ಯವಾದ ಅಳತೆ ಕೈತಪ್ಪುತ್ತದೆ.

ಈ ಬರಹ ಕಪ್ ಇರುವ ಹಿಂಜಸ್‌ಗೆ ಮಾತ್ರ. ಶಟರ್‌ನ ಒಳಮೈಯಲ್ಲಿ ದುಂಡಗಿನ ಗುಂಡಿ ಕೊರೆದು ಕೂರಿಸಿರುತ್ತಾರಲ್ಲ, ಹೊರಗಿನಿಂದ ಕಾಣುವುದಿಲ್ಲ, ಅದು. ಬಡಗಿಗಳು ಇದನ್ನು ಆಟೋ ಹಿಂಜಸ್ ಅಂತಲೂ ಕರೆಯುತ್ತಾರೆ. ಹಳೇ ಮನೆಗಳ ಗೋಡೆ ಕಪಾಟಿನಲ್ಲಿರುವ ಚಪ್ಪಟೆ ಹಿಂಜಸ್‌ಗೆ ಇಷ್ಟೆಲ್ಲ ಬೇಕಿಲ್ಲ. ಅದರ ಉದ್ದವನ್ನು ಇಂಚಿನಲ್ಲಿ ಹೇಳಿದರೆ ಹೆಚ್ಚುಕಡಿಮೆ ಮುಗಿಯಿತು. ಅಲ್ಯೂಮಿನಿಯಂ ಫ್ರೇಮಿನ ಶಟರ್, ಬರೀ ಗಾಜಿನ ಶಟರ್ ಇದ್ದರೆ ಅವುಗಳ ಹಿಂಜಸ್ ಬೇರೆಯೇ. ಅಂಥವಕ್ಕೆ ಹಳೆಯದನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು ವಾಸಿ.

## ಬೇಕಾದ ಸಾಮಾನು

ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲು, ಚೂಪಾದ ಪೆನ್ಸಿಲ್, ಒಂದು ತುಂಡು ಮಾಸ್ಕಿಂಗ್ ಟೇಪ್, ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್ ಮತ್ತು ಅವಧಿ ಮುಗಿದ ಒಂದು ಎಟಿಎಂ ಕಾರ್ಡ್.

ಕಾರ್ಡ್ ಯಾಕೆ ಅಂದರೆ, ಎಲ್ಲ ಬ್ಯಾಂಕಿನ ಕಾರ್ಡ್‌ಗಳ ಅಳತೆಯೂ ಒಂದೇ. ಉದ್ದ 85.6 ಮಿಲಿಮೀಟರ್, ಅಗಲ 54 ಮಿಲಿಮೀಟರ್. ಫೋಟೋದಲ್ಲಿ ಪಕ್ಕಕ್ಕೆ ಕಾರ್ಡ್ ಇದ್ದರೆ ಉಳಿದದ್ದನ್ನೆಲ್ಲ ಅದರಿಂದಲೇ ಅಳೆಯಬಹುದು. ಚಾಲ್ತಿಯಲ್ಲಿರುವ ಕಾರ್ಡನ್ನು ಬಳಸಬೇಡಿ. ಬಳಸಲೇಬೇಕಾದರೆ ಎರಡೂ ಬದಿಗೆ ಬಿಳಿ ಕಾಗದ ಅಂಟಿಸಿ. ಆ ಫೋಟೋ ವಾಟ್ಸಾಪ್‌ನಲ್ಲಿ ಅಂಗಡಿಗೆ ಹೋಗುವಂಥದ್ದು, ನಂಬರ್ ಕಾಣಬಾರದು. ಕಾರ್ಡ್ ಬೇಡ ಅನಿಸಿದರೆ 10 ರೂಪಾಯಿ ನಾಣ್ಯ ಇಡಿ, ಅದರ ವ್ಯಾಸ 27 ಮಿಲಿಮೀಟರ್. ಆದರೆ ದೊಡ್ಡ ವಸ್ತುವಿನ ಪಕ್ಕದಲ್ಲಿ ಅಳೆದರೆ ತಪ್ಪು ಕಡಿಮೆ. ಅದಕ್ಕೇ ನನ್ನ ಓಟು ಕಾರ್ಡಿಗೆ.

## ಹಂತ 1: ಶಟರ್ ಮುಚ್ಚಿಟ್ಟೇ ಮೊದಲ ಗುರುತು ಹಾಕಿ

ಅಂಗಡಿಯವರು ಕೇಳುವ ಕ್ರ್ಯಾಂಕ್ ಅಂದರೆ ಹಿಂಜಸ್‌ನ ತೋಳಿಗಿರುವ ಬಾಗು. ನೆಟ್ಟಗಿರುವ ತೋಳು ಝೀರೋ ಕ್ರ್ಯಾಂಕ್. ಸ್ವಲ್ಪ ಬಾಗಿದ್ದರೆ 8 ಕ್ರ್ಯಾಂಕ್. ಗೂನು ಬೆನ್ನಿನ ಹಾಗೆ ಜೋರಾಗಿ ಎದ್ದಿದ್ದರೆ 15 ಅಥವಾ 16 ಕ್ರ್ಯಾಂಕ್. ಈ ಕೊನೆಯ ಅಂಕಿ ಕಂಪನಿಯಿಂದ ಕಂಪನಿಗೆ ಒಂದೆರಡು ಹೆಚ್ಚುಕಡಿಮೆ ಆಗುತ್ತದೆ. ಕೆಲಸ ಮಾತ್ರ ಒಂದೇ.

ಈ ಬಾಗು ಇರುವುದು ಶಟರನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕಾಗಿ. ಬಾಕ್ಸಿನ ಸೈಡ್ ಪ್ಲೈಯ ಮುಂದಿನ ಅಂಚನ್ನು ಶಟರ್ ಪೂರ್ತಿ ಮುಚ್ಚಿದರೆ ಝೀರೋ ಬೇಕು. ಅರ್ಧ ಮುಚ್ಚಿದರೆ 8. ಶಟರ್ ಬಾಕ್ಸಿನ ಒಳಗೇ ಕೂತು, ಸೈಡ್ ಪ್ಲೈಯ ಅಂಚು ಪೂರ್ತಿ ಹೊರಗೆ ಕಂಡರೆ 15 ಅಥವಾ 16.

ಹಾಗಾದರೆ ಹಳೇ ಹಿಂಜಸ್‌ನ ಬಾಗು ನೋಡಿದರೆ ಸಾಲದೇ? ಸಾಲದು. ಮುಂದಿನಿಂದ ತೆಗೆದ ಫೋಟೋದಲ್ಲಿ ಝೀರೋಗೂ 8ಕ್ಕೂ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ವಿಷಯ, ಹಿಂದೆ ಯಾರೋ ಅವಸರಕ್ಕೆ ತಪ್ಪು ಹಿಂಜಸ್ ಹಾಕಿ ಅದರ ಅಡಿಗೆ ಪ್ಲೈ ಚೂರಿನ ಪ್ಯಾಕಿಂಗ್ ಕೊಟ್ಟು ಹೊಂದಿಸಿರಬಹುದು. ಮರ ಸುಳ್ಳು ಹೇಳುವುದಿಲ್ಲ, ಅದನ್ನೇ ಅಳೆಯಿರಿ.

ಮಾಡುವುದು ಹೀಗೆ. ಹಿಂಜಸ್ ಇರುವ ಬದಿಯ ಸೈಡ್ ಪ್ಲೈಯ ಮುಂದಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಶಟರ್ ಮುಚ್ಚಿ. ಶಟರ್‌ನ ಅಂಚಿಗೆ ಪೆನ್ಸಿಲ್ ತಾಗಿಸಿ ಟೇಪಿನ ಮೇಲೆ ಗೆರೆ ಎಳೆಯಿರಿ. ಈಗ ಶಟರ್ ತೆರೆದು, ಸೈಡ್ ಪ್ಲೈಯ ಒಳಮೈಯಿಂದ ಆ ಗೆರೆಯವರೆಗೆ ಎಷ್ಟು ಮಿಲಿಮೀಟರ್ ಇದೆ ನೋಡಿ. ಪ್ಲೈಯ ದಪ್ಪವನ್ನೂ ಅಳೆಯಿರಿ. ಟೇಪು, ಗೆರೆ, ಸ್ಕೇಲು ಮೂರೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಇದು ಮೊದಲನೇ ಫೋಟೋ.

18 ಮಿಲಿಮೀಟರ್ ಪ್ಲೈಯಲ್ಲಿ ಈ ಅಳತೆ 15ರಿಂದ 17ರ ಆಸುಪಾಸು ಬಂದರೆ ಪೂರ್ತಿ ಮುಚ್ಚುವ ಶಟರ್. 7ರಿಂದ 9 ಬಂದರೆ ಅರ್ಧ. ಗೆರೆ ಎಳೆಯಲು ಜಾಗವೇ ಇಲ್ಲ, ಶಟರ್ ಒಳಗಿದೆ ಅಂದರೆ ಮೂರನೆಯದು.

ಎಚ್ಚರಿಕೆಯ ಲಕ್ಷಣ ಒಂದಿದೆ. ಮುರಿದ ಹಿಂಜಸ್‌ನಿಂದ ಶಟರ್ ಜೋತುಬಿದ್ದಿದ್ದರೆ ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು ಬರುತ್ತದೆ. ಆಗ ಒಬ್ಬರು ಶಟರನ್ನು ಕೈಯಲ್ಲಿ ಎತ್ತಿ ಪಕ್ಕದ ಶಟರ್‌ಗಳ ಸಾಲಿಗೆ ನೇರವಾಗಿ ಹಿಡಿಯಲಿ, ಇನ್ನೊಬ್ಬರು ಗೆರೆ ಎಳೆಯಲಿ. ಒಬ್ಬರೇ ಇದ್ದರೆ ಕೆಳಗೆ ಮಡಚಿದ ರಟ್ಟು ಕೊಟ್ಟು ನಿಲ್ಲಿಸಿ.

ಒಂದು ಶಟರ್ ಅಳೆದು ಇಡೀ ಕಿಚನ್‌ಗೆ ಅದನ್ನೇ ಕೊಳ್ಳಬೇಡಿ. ಒಂದೇ ಸಾಲಿನಲ್ಲಿ ತುದಿಯ ಶಟರ್ ಝೀರೋ ಇದ್ದು ನಡುವಿನದು 8 ಇರುವುದು ತೀರ ಸಾಮಾನ್ಯ. ನಡುವಿನ ಒಂದೇ ಪ್ಲೈಯನ್ನು ಎಡ ಬಲ ಎರಡು ಶಟರ್‌ಗಳು ಹಂಚಿಕೊಂಡಿರುತ್ತವೆ. ಇಬ್ಬರಿಗೂ ಅರ್ಧರ್ಧವೇ ಸಿಗುವುದು.

## ಹಂತ 2: ತೋಳು ಮತ್ತು ಬಾಲದ ಫೋಟೋ

ಈಗ ಶಟರನ್ನು ಪೂರ್ತಿ ತೆರೆಯಿರಿ. ಹಿಂಜಸ್‌ಗೆ ಎರಡು ಭಾಗ. ಶಟರ್ ಕಡೆ ಕಪ್ ಮತ್ತು ತೋಳು, ಬಾಕ್ಸ್ ಕಡೆ ಪ್ಲೇಟು. ತೋಳು ಪ್ಲೇಟಿನ ಮೇಲೆ ಕೂತಿರುತ್ತದೆ. ತೋಳಿನ ಹಿಂದಿನ ತುದಿ, ಅಂದರೆ ಬಾಕ್ಸಿನ ಒಳಗಡೆಗೆ ಇರುವ ಬಾಲ, ಅದನ್ನು ನೋಡಿ.

ಬಾಲದಲ್ಲಿ ಒತ್ತುವ ಸಣ್ಣ ಬಟನ್ನೋ ಪಟ್ಟಿಯೋ ಇದ್ದರೆ ಅದು ಕ್ಲಿಪ್ ಆನ್. ಒತ್ತಿದರೆ ತೋಳು ಟಪ್ ಅಂತ ಮೇಲೆ ಏಳುತ್ತದೆ. ಬಟನ್ ಇಲ್ಲದೆ, ಸ್ಕ್ರೂ ಸಡಿಲಿಸಿ ತೋಳನ್ನು ಜಾರಿಸಿ ತೆಗೆಯುವಂತಿದ್ದರೆ ಸ್ಲೈಡ್ ಆನ್. ಒಂದರ ತೋಳು ಇನ್ನೊಂದರ ಪ್ಲೇಟಿಗೆ ಕೂರುವುದಿಲ್ಲ. ಒಂದು ಕಂಪನಿಯ ಕ್ಲಿಪ್ ತೋಳು ಇನ್ನೊಂದು ಕಂಪನಿಯ ಕ್ಲಿಪ್ ಪ್ಲೇಟಿಗೂ ಕೂರುತ್ತದೆ ಅಂತ ನಂಬಬೇಡಿ. ಹಳೇ ಪ್ಲೇಟು ಚೆನ್ನಾಗಿದೆ, ತೋಳು ಮಾತ್ರ ಕೊಂಡರೆ ಸಾಕು ಅನ್ನುವ ಲೆಕ್ಕ ಹೆಚ್ಚಾಗಿ ಕೈಕೊಡುತ್ತದೆ. ಪ್ಲೇಟು ಸಮೇತ ಸೆಟ್ ತೆಗೆದುಕೊಳ್ಳಿ.

ಫೋಟೋವನ್ನು ಮುಂದಿನಿಂದ ತೆಗೆಯಬೇಡಿ. ಬಾಕ್ಸಿನ ಮೇಲ್ಗಡೆಯಿಂದ ಕೆಳಕ್ಕೆ ನೋಡುವ ಹಾಗೆ, ತೋಳಿನ ಪಕ್ಕದ ನೋಟ ಕಾಣುವಂತೆ ತೆಗೆಯಿರಿ. ಬಾಗು ಕಾಣುವುದು ಈ ಕೋನದಲ್ಲಿ ಮಾತ್ರ. ಮೊದಲ ಹಂತದ ಅಳತೆಯೂ ಈ ಬಾಗೂ ಒಂದೇ ಮಾತು ಹೇಳಬೇಕು. ಅಳತೆ ಅರ್ಧ ಅನ್ನುತ್ತಿದ್ದು ತೋಳು ನೆಟ್ಟಗಿದ್ದರೆ, ಪ್ಲೇಟಿನ ಅಡಿಯಲ್ಲಿ ಪ್ಯಾಕಿಂಗ್ ಇದೆಯಾ ನೋಡಿ. ಇದ್ದರೆ ಅಳತೆಯನ್ನೇ ನಂಬಿ, 8 ಕ್ರ್ಯಾಂಕ್ ಕೊಂಡು, ಹಾಕುವಾಗ ಪ್ಯಾಕಿಂಗ್ ತೆಗೆದುಬಿಡಿ.

ತೋಳಿನ ಮೇಲೋ ಕಪ್ಪಿನ ಒಳಗೋ ಕಂಪನಿ ಹೆಸರು, ಅಂಕಿ ಒತ್ತಿರುವುದುಂಟು. ಮಲೆನಾಡಿನ ಮಳೆಗಾಲ ಕಂಡ ಹಿಂಜಸ್‌ನಲ್ಲಿ ಅದು ತುಕ್ಕಿನಡಿ ಮುಚ್ಚಿಹೋಗಿರುತ್ತದೆ. ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿ. ಫೋನಿನ ಫ್ಲ್ಯಾಶ್ ಹಾಕಿದರೆ ಲೋಹ ಹೊಳೆದು ಅಕ್ಷರ ಮಾಯವಾಗುತ್ತದೆ. ಫ್ಲ್ಯಾಶ್ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಒತ್ತಿದ ಅಕ್ಷರದ ನೆರಳು ಬಿದ್ದು ಓದಲು ಬರುತ್ತದೆ. ಅಂಕಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಿಗದಿದ್ದರೂ ನಷ್ಟವಿಲ್ಲ.

ಶಟರ್ ನಿಧಾನಕ್ಕೆ ತಾನೇ ಮುಚ್ಚುವ ಸಾಫ್ಟ್ ಕ್ಲೋಸ್ ಆಗಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ತೋಳಿನ ಮೇಲೋ ಕಪ್ಪಿನಲ್ಲೋ ಸಣ್ಣ ಪ್ಲಾಸ್ಟಿಕ್ ಅಥವಾ ಕೊಳವೆಯಂಥ ಭಾಗ ಕಾಣುತ್ತದೆ. ಒಂದು ಶಟರ್‌ನಲ್ಲಿ ಒಂದು ಸಾಫ್ಟ್ ಕ್ಲೋಸ್, ಒಂದು ಮಾಮೂಲಿ ಹಾಕಬೇಡಿ. ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಬದಲಿಸುವುದಾದರೆ ಆ ಶಟರ್‌ನ ಎಲ್ಲವನ್ನೂ ಬದಲಿಸಿ.

ಮೂಲೆಯ ಶಟರ್ ಆಗಿದ್ದರೆ ಎಷ್ಟು ಅಗಲ ತೆರೆಯುತ್ತದೆ ಅನ್ನುವುದೂ ಮುಖ್ಯ. ಮಾಮೂಲಿ ಹಿಂಜಸ್ 105ರಿಂದ 110 ಡಿಗ್ರಿ ತೆರೆಯುತ್ತದೆ. ಮೂಲೆಯಲ್ಲಿ 165 ಡಿಗ್ರಿಯದ್ದು ಇರಬಹುದು. ಅದರ ತೋಳು ದಪ್ಪ, ಹಲವು ಕೀಲುಗಳ ಗೊಂಚಲು. ನೋಡಿದ ಕೂಡಲೇ ಗೊತ್ತಾಗುತ್ತದೆ.

## ಹಂತ 3: ಶಟರ್ ಬಿಚ್ಚಿ ಗುಂಡಿಯ ಫೋಟೋ ತೆಗೆಯಿರಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕ್ರ್ಯಾಂಕ್ ಸರಿ ಇದ್ದೂ ಹಿಂಜಸ್ ಕೂರದೇ ಹೋಗುವುದು ಈ ಹಂತ ಬಿಟ್ಟವರಿಗೇ.

ಕಪ್ ಕೂರುವ ಗುಂಡಿಯ ವ್ಯಾಸ ಹೆಚ್ಚುಕಡಿಮೆ ಎಲ್ಲ ಕಡೆ 35 ಮಿಲಿಮೀಟರ್. ತೀರ ಸಣ್ಣ ಅಥವಾ ತೆಳು ಶಟರ್‌ನಲ್ಲಿ 26 ಸಿಗುತ್ತದೆ, ದಪ್ಪ ಮರದ ಬಾಗಿಲಲ್ಲಿ 40. ಹಾಗಾಗಿ ಗುಂಡಿ ಹೊಂದುತ್ತದೆ, ಅದು ಸಮಸ್ಯೆಯಲ್ಲ. ಸಮಸ್ಯೆ ಕಪ್ಪಿನ ಎರಡೂ ಪಕ್ಕದ ಕಿವಿಗಳಲ್ಲಿರುವ ಸ್ಕ್ರೂ ತೂತುಗಳದ್ದು. ಅವುಗಳ ನಡುವಿನ ದೂರ ಎಲ್ಲರಲ್ಲೂ ಒಂದೇ ಇಲ್ಲ. ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ.

ಮೊದಲನೆಯದರಲ್ಲಿ ತೂತುಗಳ ನಡುವೆ 48 ಮಿಲಿಮೀಟರ್. ಗುಂಡಿಯ ನಡುವಿನಿಂದ ತೂತುಗಳ ಸಾಲು 6 ಮಿಲಿಮೀಟರ್ ಒಳಕ್ಕೆ, ಅಂದರೆ ಶಟರ್‌ನ ಅಂಚಿನಿಂದ ದೂರಕ್ಕೆ ಸರಿದಿರುತ್ತದೆ. ಎರಡನೆಯದು 52 ಮತ್ತು 5.5. ಮೂರನೆಯದು 45 ಮತ್ತು 9.5. ಅಂಗಡಿಯಲ್ಲಿ ಡಬ್ಬಿಯ ಮೇಲೋ ಕ್ಯಾಟಲಾಗ್‌ನಲ್ಲೋ ಈ ಜೋಡಿ ಅಂಕಿಗಳು ಇದೇ ಥರ ಬರೆದಿರುತ್ತವೆ.

ಶಟರನ್ನು ಬಿಚ್ಚಲು ಮೊದಲು ಕೆಳಗಿನ ಹಿಂಜಸ್, ಆಮೇಲೆ ಮೇಲಿನದು. ಉಲ್ಟಾ ಮಾಡಿದರೆ ಶಟರ್‌ನ ಭಾರವೆಲ್ಲ ಕೆಳಗಿನ ಹಿಂಜಸ್‌ಗೆ ಬಿದ್ದು ಶಟರ್ ಮುಂದಕ್ಕೆ ವಾಲುತ್ತದೆ, ಸ್ಕ್ರೂ ಮರವನ್ನು ಕಿತ್ತುಕೊಂಡು ಬರುತ್ತದೆ. ಬಿಚ್ಚಿದ ಶಟರನ್ನು ಒಳಮೈ ಮೇಲಾಗಿ ಬೆಡ್‌ಶೀಟಿನ ಮೇಲೆ ಮಲಗಿಸಿ. ಕಪ್ಪಿನ ಎರಡು ಸ್ಕ್ರೂ ತೆಗೆದು ಹಿಂಜಸ್ ಹೊರಗೆ ಎತ್ತಿ. ಬರಿಗುಂಡಿ ಮತ್ತು ಎರಡು ತೂತು ಕಾಣಬೇಕು.

ಗುಂಡಿಯ ಪಕ್ಕದಲ್ಲೇ, ಶಟರ್‌ನ ಮೈಗೆ ಅಂಟಿಕೊಂಡ ಹಾಗೆ ಕಾರ್ಡ್ ಇಡಿ. ಫೋನನ್ನು ಒಂದು ಮೊಳದಷ್ಟು ಮೇಲೆ ಹಿಡಿದು ಎರಡು ಪಟ್ಟು ಝೂಮ್ ಮಾಡಿ, ನೇರ ಕೆಳಕ್ಕೆ ನೋಡುವಂತೆ ತೆಗೆಯಿರಿ. ಹತ್ತಿರದಿಂದ ತೆಗೆದರೆ ಫೋಟೋದ ಅಂಚಿನಲ್ಲಿರುವುದು ಹಿಗ್ಗಿ ಕಾಣುತ್ತದೆ, ಮೂರು ಮಿಲಿಮೀಟರ್ ಹಿಂದುಮುಂದಾಗಲು ಅಷ್ಟು ಸಾಕು. ಫೋಟೋ ನೇರ ಬಂದಿದೆಯಾ ಅಂತ ತಿಳಿಯಲು ಕಾರ್ಡ್ ನೋಡಿ. ಅದರ ಎದುರುಬದುರು ಅಂಚುಗಳು ಫೋಟೋದಲ್ಲಿ ಒಂದೇ ಉದ್ದ ಇರಬೇಕು. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇದ್ದರೆ ಫೋನ್ ವಾಲಿದೆ. ಅದನ್ನು ಅಳಿಸಿ ಮತ್ತೆ ತೆಗೆಯಿರಿ.

ಕೈಯಲ್ಲಿ ಸ್ಕೇಲ್ ಇರುವಾಗ ಫೋಟೋ ಯಾಕೆ, ನೇರವಾಗಿ ಅಳೆದರಾಗದೇ? ಆಗುತ್ತದೆ, ಅಳೆಯಿರಿ. ಆದರೆ ಕಿತ್ತುಹೋದ ತೂತಿನ ನಡು ಎಲ್ಲಿ ಅನ್ನುವುದು ಕಣ್ಣಿಗೆ ಸಿಗುವುದು ಕಷ್ಟ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಸುಲಭ. ಮೇಲಾಗಿ ಮನೆ ಇರುವುದು ಕೊಪ್ಪದಲ್ಲಿ, ಕೊಳ್ಳುವ ಮಗ ಇರುವುದು ಹಾಸನದಲ್ಲಿ ಅಂದಾಗ ಫೋಟೋವೇ ಗತಿ.

## ಹಂತ 4: ಫೋಟೋ ಮೇಲೆ ಸ್ಕೇಲ್ ಇಟ್ಟು ಲೆಕ್ಕ ಮಾಡಿ

ಇದನ್ನು ಒಂದು ನಿಜವಾದ ಉದಾಹರಣೆಯಲ್ಲೇ ನೋಡೋಣ. ಮೂಡಿಗೆರೆಯಲ್ಲಿರುವ ನಮ್ಮ ಅತ್ತಿಗೆ ಮನೆಯಲ್ಲಿ ಸಿಂಕಿನ ಕೆಳಗಿನ ಶಟರ್‌ನ ಹಿಂಜಸ್ ತುಕ್ಕು ಹಿಡಿದು ಮುರಿದಿತ್ತು. ಮುಂದಿನಿಂದ ತೆಗೆದ ಒಂದು ಫೋಟೋ ನೋಡಿ ಅಂಗಡಿಯಲ್ಲಿ ಝೀರೋ ಕ್ರ್ಯಾಂಕ್ ಕೊಟ್ಟಿದ್ದರು. ಹಾಕಿದರೆ ಶಟರ್ ಪಕ್ಕದ ಶಟರ್‌ನ ಮೇಲೆ ಹತ್ತಿ ಕೂರುತ್ತಿತ್ತು. ಆಮೇಲೆ ಅತ್ತಿಗೆ ಮೇಲಿನ ಕ್ರಮದಲ್ಲಿ ಫೋಟೋ ತೆಗೆದು ಕಳಿಸಿದರು.

ಟೇಪಿನ ಫೋಟೋದಲ್ಲಿ ಪ್ಲೈ ದಪ್ಪ 18, ಒಳಮೈಯಿಂದ ಗೆರೆಗೆ 8. ಅದು ನಡುವಿನ ಪ್ಲೈ. ಆ ಕಡೆಯ ಶಟರ್‌ಗೂ 8, ನಡುವೆ 2 ಮಿಲಿಮೀಟರ್ ಸಂದು. ಲೆಕ್ಕ ಸರಿಹೋಯಿತು. ಅಂದರೆ 8 ಕ್ರ್ಯಾಂಕ್.

ಗುಂಡಿಯ ಫೋಟೋವನ್ನು ಫೋನಿನಲ್ಲಿ ತೆರೆದು, ಕಾರ್ಡೂ ಗುಂಡಿಯೂ ಎರಡೂ ಕಾಣುವಷ್ಟು ದೊಡ್ಡದು ಮಾಡಿ, ಪರದೆಯ ಮೇಲೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟೆ. ಪರದೆಯಲ್ಲಿ ಕಾರ್ಡಿನ ಉದ್ದ 64 ಮಿಲಿಮೀಟರ್. ನಿಜದ ಉದ್ದ 85.6. ಭಾಗಿಸಿದರೆ 1.34 ಬರುತ್ತದೆ. ಇನ್ನು ಪರದೆಯಲ್ಲಿ ಏನೇ ಅಳೆದರೂ 1.34ರಿಂದ ಗುಣಿಸಿದರೆ ನಿಜದ ಅಳತೆ.

ಮೊದಲು ಗುಂಡಿ ಅಳೆಯಬೇಕು. ಅದು 26 ಬಂತು. ಗುಣಿಸಿದರೆ 34.8, ಅಂದರೆ 35. ಗುಂಡಿಯನ್ನೇ ಮೊದಲು ಅಳೆಯುವುದಕ್ಕೆ ಕಾರಣವಿದೆ. ಅದರ ಉತ್ತರ ನಮಗೆ ಮೊದಲೇ ಗೊತ್ತು. 35ರ ಬದಲು 32 ಅಥವಾ 38 ಬಂದಿದ್ದರೆ ಫೋಟೋ ವಾಲಿದೆ ಅಥವಾ ಕಾರ್ಡ್ ಶಟರ್‌ನ ಮೈಗೆ ತಾಗಿಲ್ಲ ಅಂತ ಅರ್ಥ. ಆಗ ಮುಂದಕ್ಕೆ ಹೋಗದೆ ಫೋಟೋ ಮತ್ತೆ ತೆಗೆಸಬೇಕು.

ಆಮೇಲೆ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ 36. ಗುಣಿಸಿದರೆ 48.2. ಇನ್ನು ಗುಂಡಿಯ ನಡುವಿನಿಂದ ತೂತುಗಳ ಸಾಲಿಗೆ 4.5. ಗುಣಿಸಿದರೆ 6. ಎರಡೂ ಸೇರಿ ಹೇಳುವುದು 48 ಮತ್ತು 6. ಬೇರೆ ಬಗೆಯಾಗಿದ್ದರೆ ಇದೇ ಪರದೆಯಲ್ಲಿ ತೂತುಗಳ ದೂರ 39ರ ಹತ್ತಿರ ಅಥವಾ 33.5ರ ಹತ್ತಿರ ಬರಬೇಕಿತ್ತು.

ದೂರ 46, 47 ಅಂತ ಎಡಬಿಡಂಗಿಯಾಗಿ ಬಂದರೆ ಏನು ಮಾಡುವುದು? ಸಾಲು ಎಷ್ಟು ಸರಿದಿದೆ ಅನ್ನುವುದನ್ನು ನೋಡಿ. 45ರದ್ದು 9.5ರಷ್ಟು ಸರಿದಿರುತ್ತದೆ, ಅಂದರೆ ಗುಂಡಿಯ ನಡುವಿಗೂ ಅಂಚಿಗೂ ಇರುವ ದೂರದಲ್ಲಿ ಅರ್ಧಕ್ಕಿಂತ ಜಾಸ್ತಿ. 48ರದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಇದು ಸ್ಕೇಲ್ ಇಲ್ಲದೆ ಕಣ್ಣಳತೆಗೇ ತಿಳಿಯುತ್ತದೆ. 48ಕ್ಕೂ 52ಕ್ಕೂ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅವೆರಡರ ಸರಿತ ಹೆಚ್ಚುಕಡಿಮೆ ಒಂದೇ. ಅಲ್ಲಿ ದೂರವನ್ನೇ ಸರಿಯಾಗಿ ಅಳೆಯಬೇಕು.

ಕೊನೆಯದಾಗಿ ಗುಂಡಿಯ ಅಂಚಿಗೂ ಶಟರ್‌ನ ಅಂಚಿಗೂ ನಡುವಿನ ದೂರ. ಅದು ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್ ಇರುತ್ತದೆ. ಅತ್ತಿಗೆ ಮನೆಯದು 4. ಇದನ್ನು ನೋಡಿ ಹಿಂಜಸ್ ಆರಿಸಬೇಕಿಲ್ಲ. ಆದರೆ ಬರೆದಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

## ಹಂತ 5: ಬಾಕ್ಸ್ ಕಡೆಯ ಪ್ಲೇಟು

ನಾಲ್ಕನೇ ಫೋಟೋ ಪ್ಲೇಟಿನದು. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆದರೆ ಇನ್ನೂ ಒಳ್ಳೆಯದು. ಎದುರಿನಿಂದ ನೋಡಿದಾಗ ರೆಕ್ಕೆ ಬಿಚ್ಚಿದ ಹಾಗೆ ಮೇಲೆ ಕೆಳಗೆ ಚಾಚಿದ ಪ್ಲೇಟೇ ಹೆಚ್ಚು. ಅದರ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ ಸಾಮಾನ್ಯವಾಗಿ 32 ಮಿಲಿಮೀಟರ್. ಬಾಕ್ಸಿನ ಮುಂದಿನ ಅಂಚಿನಿಂದ ಆ ಸಾಲು 37 ಮಿಲಿಮೀಟರ್ ಒಳಗಿರುವುದು ರೂಢಿ. ಫ್ಯಾಕ್ಟರಿಯಲ್ಲಿ ಮಾಡಿದ ಬಾಕ್ಸ್ ಆದರೆ ಈ ಎರಡೂ ಅಂಕಿ ಸಿಗುತ್ತವೆ. ಮನೆಗೇ ಬಂದು ಬಡಗಿ ಮಾಡಿದ್ದಾದರೆ ಒಂದೆರಡು ಮಿಲಿಮೀಟರ್ ಅತ್ತಿತ್ತ ಇರುತ್ತದೆ. ಎರಡು ತೂತಿನ ಪ್ಲೇಟಾ, ನಾಲ್ಕು ತೂತಿನದ್ದಾ ಅನ್ನುವುದನ್ನೂ ನೋಡಿ.

ಪಕ್ಕದ ಫೋಟೋ ಪ್ಲೇಟಿನ ಎತ್ತರಕ್ಕಾಗಿ. ಪ್ಲೇಟುಗಳು ಬೇರೆ ಬೇರೆ ಎತ್ತರದಲ್ಲಿ ಬರುತ್ತವೆ. ಪ್ಲೇಟು ಒಂದು ಮಿಲಿಮೀಟರ್ ಎತ್ತರವಾದರೆ ಶಟರ್ ಸೈಡ್ ಪ್ಲೈಯನ್ನು ಮುಚ್ಚುವುದು ಒಂದು ಮಿಲಿಮೀಟರ್ ಕಡಿಮೆಯಾಗುತ್ತದೆ. ಹಾಗೆಯೇ ಗುಂಡಿ ಶಟರ್‌ನ ಅಂಚಿನಿಂದ ಒಂದು ಮಿಲಿಮೀಟರ್ ದೂರ ಇದ್ದರೆ ಒಂದು ಮಿಲಿಮೀಟರ್ ಜಾಸ್ತಿ ಮುಚ್ಚುತ್ತದೆ. ಒಂದೇ ಝೀರೋ ಕ್ರ್ಯಾಂಕ್ ಒಬ್ಬರ ಮನೆಯಲ್ಲಿ 14 ಮುಚ್ಚಿ, ಇನ್ನೊಬ್ಬರ ಮನೆಯಲ್ಲಿ 17 ಮುಚ್ಚುವುದು ಇದರಿಂದಲೇ. ಅದಕ್ಕೇ ಹಿಂದಿನ ಹಂತದ 4 ಮಿಲಿಮೀಟರನ್ನು ಬರೆದಿಟ್ಟುಕೊಳ್ಳಿ ಅಂದದ್ದು. ಹಾಕಿದ ಮೇಲೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ಕ್ರ್ಯಾಂಕ್ ತಪ್ಪಿದೆ ಅಂದುಕೊಳ್ಳಬೇಡಿ. ಪ್ಲೇಟು ಬೇರೆ ಎತ್ತರದ್ದು, ಅಷ್ಟೇ.

ತೋಳಿನ ಮುಂದಿನ ಸ್ಕ್ರೂ ತಿರುಗಿಸಿ ಶಟರನ್ನು ಎಡಕ್ಕೆ ಬಲಕ್ಕೆ ಎರಡು ಮಿಲಿಮೀಟರ್ ಆಸುಪಾಸು ಸರಿಸಬಹುದು. ಅಷ್ಟರಲ್ಲಿ ಸರಿಹೋಗುವುದು ಪ್ಲೇಟಿನ ವ್ಯತ್ಯಾಸ. 8 ಮಿಲಿಮೀಟರ್ ತಪ್ಪಿದ್ದರೆ ಆ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಆಗುವುದಿಲ್ಲ, ಕೊನೆಗೆ ಸ್ಕ್ರೂ ಕಳಚಿ ಕೈಗೆ ಬರುತ್ತದೆ ಅಷ್ಟೇ.

ಸಿಂಕಿನ ಕೆಳಗಿನ ಬಾಕ್ಸ್ ಆದರೆ ಪ್ಲೇಟಿನ ಸುತ್ತ ಬೆರಳಿನಿಂದ ಒತ್ತಿ ನೋಡಿ. ಪಾರ್ಟಿಕಲ್ ಬೋರ್ಡ್ ಆಗಿದ್ದು ಉಬ್ಬಿದ್ದರೆ, ಪುಡಿ ಉದುರುತ್ತಿದ್ದರೆ, ಹೊಸ ಹಿಂಜಸ್ ಅದೇ ತೂತಿನಲ್ಲಿ ನಿಲ್ಲುವುದಿಲ್ಲ. ಅಂಥ ಕಡೆ ಪ್ಲೇಟನ್ನು ಸ್ವಲ್ಪ ಮೇಲೋ ಕೆಳಗೋ ಗಟ್ಟಿ ಜಾಗಕ್ಕೆ ಸರಿಸುವ ಯೋಚನೆ ಬೇಡ. ಕಪ್ಪಿನ ಗುಂಡಿ ಅಲ್ಲೇ ಇರುತ್ತದಲ್ಲ. ತೂತಿಗೆ ಫೆವಿಕಾಲ್ ಹಚ್ಚಿದ ಮರದ ಬೆಣೆ ಹೊಡೆದು, ಒಣಗಿದ ಮೇಲೆ ಹೊಸದಾಗಿ ತೂತು ಮಾಡಿಸಿ.

## ಹಂತ 6: ಅಂಗಡಿಗೆ ಕಳಿಸುವ ಮಾತು

ನಾಲ್ಕು ಫೋಟೋ ಸುಮ್ನೆ ಕಳಿಸಿದರೆ ಅಂಗಡಿಯವರು ನೋಡಲು ಪುರುಸೊತ್ತಿರುವುದಿಲ್ಲ. ಜೊತೆಗೆ ಬರೆದು ಕಳಿಸಿ. ಅತ್ತಿಗೆ ಕಳಿಸಿದ್ದು ಇಷ್ಟು:

"ಕಪ್ 35. ಸ್ಕ್ರೂ ತೂತು 48 ಮತ್ತು 6. 8 ಕ್ರ್ಯಾಂಕ್. ಮಾಮೂಲಿ, ಸಾಫ್ಟ್ ಕ್ಲೋಸ್ ಅಲ್ಲ. ಶಟರ್ 18 ಎಂಎಂ, ಬಾಕ್ಸ್ 18 ಎಂಎಂ. ಎರಡು ತೂತಿನ ಪ್ಲೇಟ್ ಸಮೇತ 1 ಜೋಡಿ. ಸಿಂಕ್ ಕೆಳಗಿನದು, ತುಕ್ಕು ಹಿಡಿಯದ್ದು ಇದ್ದರೆ ಹೇಳಿ."

ಅಂಗಡಿಯವರಿಂದ ಡಬ್ಬಿಯ ಹಿಂಬದಿಯ ಫೋಟೋ ವಾಪಸ್ ತರಿಸಿಕೊಳ್ಳಿ. ಅದರಲ್ಲಿ ಅಂಕಿ ಹೊಂದಿದ ಮೇಲೆ ದುಡ್ಡು ಕೊಡಿ. "ಎಲ್ಲದಕ್ಕೂ ಆಗುತ್ತೆ ಸಾರ್" ಅನ್ನುವ ಹಿಂಜಸ್ ಇಲ್ಲ. ಹಾಗೆ ಹೇಳಿದರೆ 48ರದ್ದಾ, 52ರದ್ದಾ ಅಂತ ಮರುಪ್ರಶ್ನೆ ಹಾಕಿ.

ನಿಮ್ಮದು 45 ಆಗಿದ್ದು ಅಂಗಡಿಯಲ್ಲಿ 48 ಮಾತ್ರ ಇದ್ದರೆ? ಕೊಳ್ಳಬಹುದು, ಗುಂಡಿಗೆ ಕೂರುತ್ತದೆ. ಆದರೆ ಹೊಸ ತೂತು ಹಳೇ ತೂತಿಗೆ ಮೂರು ನಾಲ್ಕು ಮಿಲಿಮೀಟರ್ ಅಂತರದಲ್ಲೇ ಬರುತ್ತದೆ. ಹಳೆಯದನ್ನು ಬೆಣೆ ಹೊಡೆದು ಮುಚ್ಚದೆ ಸ್ಕ್ರೂ ಹಾಕಿದರೆ ಅದು ಹಳೇ ತೂತಿಗೇ ಜಾರುತ್ತದೆ. 48 ಮತ್ತು 52ರ ನಡುವೆ ಇನ್ನೂ ಕಷ್ಟ. ಅಲ್ಲಿ ಒಂದೊಂದು ಕಡೆಗೂ ವ್ಯತ್ಯಾಸ ಬರೀ ಎರಡು ಮಿಲಿಮೀಟರ್, ಹೊಸ ತೂತು ಹಳೆಯದರ ಅಂಚಿನಲ್ಲೇ ಬೀಳುತ್ತದೆ.

## ಹಂತ 7: ಸ್ಕ್ರೂ ಹಾಕುವ ಮೊದಲು

ಒಂದೇ ಪ್ಯಾಕೆಟ್ ಬಿಚ್ಚಿ. ಜೋಡಿಗಳು ಹಲವಿದ್ದರೆ ಉಳಿದವನ್ನು ಹಾಗೇ ಇಡಿ, ವಾಪಸ್ ಕೊಡುವಾಗ ಬೇಕಾಗುತ್ತದೆ. ಹೊಸ ಕಪ್ಪನ್ನು ಸ್ಕ್ರೂ ಇಲ್ಲದೆ ಗುಂಡಿಯಲ್ಲಿ ಕೂರಿಸಿ. ಅದು ಅಲ್ಲಾಡದೆ ಕೂರಬೇಕು. ಕಿವಿಯ ತೂತಿನೊಳಗಿನಿಂದ ನೋಡಿದರೆ ಶಟರ್‌ನ ಹಳೇ ತೂತು ಪೂರ್ತಿ ದುಂಡಗೆ ಕಾಣಬೇಕು. ಅರ್ಧಚಂದ್ರದ ಹಾಗೆ ಕಂಡರೆ ಅಳತೆ ತಪ್ಪಿದೆ. ಅಲ್ಲಿಗೆ ನಿಲ್ಲಿಸಿ.

ಕಪ್ಪಿನ ಸ್ಕ್ರೂ ಉದ್ದ 16 ಮಿಲಿಮೀಟರ್ ಮೀರಬಾರದು. ಹಳೇ ತೂತು ಸಡಿಲ ಇದೆ ಅಂತ ಉದ್ದದ ಸ್ಕ್ರೂ ಹಾಕಿದರೆ 18 ಮಿಲಿಮೀಟರ್ ಶಟರ್‌ನ ಹೊರಗಿನ ಸನ್ಮೈಕಾ ಉಬ್ಬುತ್ತದೆ ಅಥವಾ ತೂತಾಗುತ್ತದೆ. ಸಡಿಲಕ್ಕೆ ಬೆಣೆಯೇ ಮದ್ದು.

ಶಟರ್ ನೇತುಹಾಕುವಾಗ ಮೇಲಿನ ಹಿಂಜಸ್ ಮೊದಲು, ಕೆಳಗಿನದು ಆಮೇಲೆ. ಮುಚ್ಚಿ ನೋಡಿ. ಮೊದಲ ಹಂತದಲ್ಲಿ ಅಂಟಿಸಿದ ಟೇಪು ಇನ್ನೂ ಅಲ್ಲೇ ಇರಲಿ, ಕಿತ್ತಿದ್ದರೆ ಅದೇ ಅಳತೆಗೆ ಮತ್ತೆ ಗುರುತು ಹಾಕಿ. ಶಟರ್‌ನ ಅಂಚು ಪೆನ್ಸಿಲ್ ಗೆರೆಗೆ ಎರಡು ಮಿಲಿಮೀಟರ್ ಒಳಗೆ ಬಂದರೆ ಮುಂದಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಅತ್ತಿಗೆ ಮನೆಯದು ಒಂದು ಮಿಲಿಮೀಟರ್ ಆಚೆ ಹೋಗಿತ್ತು. ಸ್ಕ್ರೂವನ್ನು ಸ್ವಲ್ಪ ತಿರುಗಿಸಿದಾಗ ಪಕ್ಕದ ಶಟರ್ ಜೊತೆಗಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಬಂತು. ಸಂದು ಮೇಲೆ ಕಿರಿದು, ಕೆಳಗೆ ಅಗಲ ಇದ್ದಿದ್ದರೆ ಮೇಲಿನ ಮತ್ತು ಕೆಳಗಿನ ಹಿಂಜಸ್‌ಗಳ ಸ್ಕ್ರೂವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿರುಗಿಸಬೇಕಾಗುತ್ತಿತ್ತು.